ಆರನೇ ಕಟಿಂಗ್ ಉಚಿತ, ಆದರೆ ಯಾವಾಗಿನವರೆಗೆ?

ಕುಂದಾಪುರದ ಕೋಡಿಯಲ್ಲಿ ಎರಡು ಕುರ್ಚಿಯ ಒಂದು ಸೆಲೂನ್. ಕಾಯಂ ಗಿರಾಕಿಗಳಿಗೆ ಕೊಡಲೆಂದು ಯಜಮಾನರು ಪ್ರೆಸ್‌ನಿಂದ ಒಂದು ಕಾರ್ಡಿನ ಮಾದರಿ ತರಿಸಿದ್ದರು. ಎದುರಿಗೆ ದಪ್ಪ ಕನ್ನಡ ಅಕ್ಷರದಲ್ಲಿ ‘ಸೀಲ್ ಕೂಡಿಸಿ, ಉಚಿತ ಸೇವೆ ಪಡೆಯಿರಿ’ ಎಂದಿತ್ತು, ಪಕ್ಕದಲ್ಲೊಂದು ನಕ್ಷತ್ರ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಷರತ್ತುಗಳು. “ಇದ್ರಗೆ ಎಂತ ಬರ್ದಿತ್ ಅಂದೇಳಿ ನಂಗೇ ಗೊತ್ತಾತಿಲ್ಲೆ ಮಾರ್ರೆ, ಗಿರಾಕಿಗೆ ಹ್ಯಾಂಗ್ ಹೇಳುದ್?” ಎಂದು ಅವರು ಅದನ್ನು ದಾಟಿಸಿದ್ದು ಕುರ್ಚಿಯಲ್ಲಿ ಕೂತಿದ್ದ ಈ ಅಂಕಣಕಾರನ ಕೈಗೆ. ದುಡ್ಡಿನ ಲೆಕ್ಕ ಬರೆಯುವವನಿಗೆ ನಾಲ್ಕು ಸಾಲು ಬರೆದುಕೊಡುವುದೇನು ಕಷ್ಟ ಎಂಬುದು ಅವರ ನಂಬಿಕೆ.

ಸಾಲು ನಾಲ್ಕೇ ಆದರೂ ಅದಕ್ಕೆ ಮುಂಚೆ ಲೆಕ್ಕ ಆಗಬೇಕಿತ್ತು. ಸೀಲ್ ಯಾವುದಕ್ಕೆ ಬೀಳುತ್ತದೆ, ಎಷ್ಟು ಬಿದ್ದರೆ ಏನು ಸಿಗುತ್ತದೆ, ಯಾವ ದಿನದವರೆಗೆ ಸಿಗುತ್ತದೆ ಎಂಬ ಮೂರು ಪ್ರಶ್ನೆಗೆ ಅಂಗಡಿಯವರ ಮನಸ್ಸಿನಲ್ಲೇ ಉತ್ತರ ಗಟ್ಟಿಯಾಗಿರದಿದ್ದರೆ, ಷರತ್ತುಗಳು ಸಣ್ಣ ಅಕ್ಷರಕ್ಕೆ ಇಳಿಯುತ್ತವೆ.

ಪ್ರೆಸ್‌ನ ಮಾದರಿಯಲ್ಲಿ 500 ರೂಪಾಯಿ ಬಿಲ್‌ಗೆ ಒಂದು ಸೀಲ್, 8 ಸೀಲ್‌ಗೆ ಒಂದು ಕಟಿಂಗ್ ಉಚಿತ ಎಂದಿತ್ತು. ಯಾವುದೋ ದೊಡ್ಡ ಸೆಲೂನಿನ ಕಾರ್ಡಿನಿಂದ ಎತ್ತಿದ ಸಾಲು. ಕೋಡಿಯ ಅಂಗಡಿಯಲ್ಲಿ ಕಟಿಂಗ್‌ಗೆ 150 ರೂಪಾಯಿ. ಕಟಿಂಗ್ ಮಾತ್ರ ಮಾಡಿಸುವ ಗಿರಾಕಿಗೆ ಜನ್ಮದಲ್ಲಿ ಒಂದು ಸೀಲೂ ಬೀಳುವುದಿಲ್ಲ. ಫೇಶಿಯಲ್, ಡೈ ಎಲ್ಲ ಸೇರಿಸಿ ಎಂಟು ಸೀಲ್ ತುಂಬಿಸಿದವನು 4000 ರೂಪಾಯಿ ಖರ್ಚು ಮಾಡಿ 150 ರೂಪಾಯಿಯ ಲಾಭ ಪಡೆಯುತ್ತಾನೆ. ಅಂದರೆ ನೂರಕ್ಕೆ ನಾಲ್ಕು ರೂಪಾಯಿಯೂ ಇಲ್ಲ. ಅದರ ಬದಲು ‘ಒಂದು ಕಟಿಂಗ್‌ಗೆ ಒಂದು ಸೀಲ್, ಐದು ಸೀಲ್ ಆದ ಮೇಲೆ ಆರನೆಯದು ಉಚಿತ’ ಎಂದಿಟ್ಟುಕೊಳ್ಳೋಣ. ಗಿರಾಕಿ 750 ರೂಪಾಯಿ ಕೊಟ್ಟು 900 ರೂಪಾಯಿಯ ಕೆಲಸ ಮಾಡಿಸಿಕೊಂಡಂತಾಯಿತು. ಒಂದೊಂದು ಕಟಿಂಗ್‌ಗೆ 125 ರೂಪಾಯಿ ಬಿತ್ತು. ಯಜಮಾನರು ಈ ಲೆಕ್ಕವನ್ನು ತಾವೂ ಹಾಕಿ ನೋಡಿ, ನೂರಕ್ಕೆ ಹದಿನೇಳರ ಹತ್ತಿರ ಬಿಡುತ್ತಿದ್ದೇನೆ ಎಂದು ಒಪ್ಪಿದ ಮೇಲೇ ಆ ಸಾಲು ಕಾರ್ಡಿಗೆ ಹೋಯಿತು.

ಕಾರ್ಡ್ ಕೊಡುವಾಗಲೇ ಎರಡು ಸೀಲ್ ಬಿಟ್ಟಿಯಾಗಿ ಹಾಕಿಕೊಡುವ ಅಂಗಡಿಗಳೂ ಇವೆ. ಅಮೆರಿಕದ ಸಂಶೋಧಕರಾದ ಜೋಸೆಫ್ ನೂನೆಸ್ ಮತ್ತು ಕ್ಸೇವಿಯರ್ ಡ್ರೆಝ್ ಕಾರು ತೊಳೆಯುವ ಅಂಗಡಿಯೊಂದರಲ್ಲಿ ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಖಾಲಿ ಇರುವ ಎಂಟು ಮನೆಯ ಕಾರ್ಡ್, ಇನ್ನೊಂದಕ್ಕೆ ಎರಡು ಮೊದಲೇ ತುಂಬಿದ ಹತ್ತು ಮನೆಯ ಕಾರ್ಡ್. ಎರಡೂ ಗುಂಪಿನವರು ಕಾರು ತೊಳೆಸಬೇಕಾದದ್ದು ಎಂಟೇ ಸಲ. ಆದರೂ ಮೊದಲ ಗುಂಪಿನಲ್ಲಿ ಶೇ 19 ಮಂದಿ ಕಾರ್ಡ್ ತುಂಬಿಸಿದರೆ, ಎರಡನೆಯದರಲ್ಲಿ ಶೇ 34 ಮಂದಿ. ಅಂಗಡಿಯವರಿಗೆ ಇದು ಒಳ್ಳೆಯ ಉಪಾಯವೇ. ಗಿರಾಕಿ ಮಾತ್ರ ತುಂಬಿದ ಮನೆಗಳನ್ನು ನೋಡಿ ಖುಷಿಪಡದೆ, ಇನ್ನೆಷ್ಟು ಸಲ ದುಡ್ಡು ಕೊಡಬೇಕು ಎಂದು ಖಾಲಿ ಮನೆಗಳನ್ನೇ ಎಣಿಸಬೇಕು.

ಹೆಚ್ಚು ಚರ್ಚೆಯಾದದ್ದು ಅವಧಿಯ ಬಗ್ಗೆ. ಮಾದರಿಯಲ್ಲಿ ‘ಆರು ತಿಂಗಳು’ ಎಂದಿತ್ತು. ಕೇಳಲು ಧಾರಾಳ. ಆದರೆ ಮೊದಲ ಕಟಿಂಗ್‌ನಿಂದ ಆರನೆಯದಕ್ಕೆ ಐದು ಅಂತರ. ಐದು ವಾರಕ್ಕೊಮ್ಮೆ ಬರುವವನಿಗೆ 175 ದಿನ ಬೇಕು. ಆರು ತಿಂಗಳಲ್ಲಿ ಉಳಿಯುವುದು ಒಂದು ವಾರ. ಒಮ್ಮೆ ಹದಿನೈದು ದಿನ ತಡವಾದರೆ ಐದು ಸೀಲೂ ನೀರುಪಾಲು.

ಈ ಊರಿನಲ್ಲಿ ತಡವಾಗಲು ಕಾರಣಗಳು ಬೇಕಷ್ಟಿವೆ. ಅಯ್ಯಪ್ಪ ಮಾಲೆ ಹಾಕಿದವರು ಮಂಡಲದ 41 ದಿನ ಕತ್ತರಿಯ ಹತ್ತಿರ ಸುಳಿಯುವುದಿಲ್ಲ. ಮನೆಯಲ್ಲಿ ಹೆಂಡತಿ ಬಸುರಿಯಾದರೆ ಕೂದಲು ತೆಗೆಸದ ಪದ್ಧತಿ ಇಟ್ಟುಕೊಂಡವರಿದ್ದಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆ 61 ದಿನ ಸಂಪಾದನೆ ನಿಂತವರು ಮೊದಲು ಮುಂದೂಡುವ ಖರ್ಚುಗಳಲ್ಲಿ ಕಟಿಂಗ್ ಕೂಡ ಒಂದು. ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವವರು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಮಾತ್ರ ಈ ಕುರ್ಚಿಯಲ್ಲಿ ಕೂರುತ್ತಾರೆ. 175 ದಿನಕ್ಕೆ ಮಾಲೆಯ 41, ಮಳೆಗಾಲದ 61 ಸೇರಿಸಿದರೆ 277. ಹಾಗಾಗಿ ಒಂದು ವರ್ಷ ಎಂದು ತೀರ್ಮಾನವಾಯಿತು. ಮುಂಬೈಯವರಿಗೆ ಅದೂ ಸಾಲದು. ಅಂಥವರಿಗೆ ಈ ಕಾರ್ಡ್ ಪ್ರಯೋಜನವಿಲ್ಲ ಎಂದು ಕೊಡುವಾಗಲೇ ಹೇಳಿಬಿಡುವುದು ಮರ್ಯಾದೆ.

‘ಒಂದು ವರ್ಷ’ ಎಂದಷ್ಟೇ ಬರೆದರೂ ತಕರಾರು ತಪ್ಪುವುದಿಲ್ಲ. ಕಾರ್ಡ್ ಕೊಟ್ಟ ದಿನದಿಂದಲೋ, ಕೊನೆಯ ಸೀಲ್‌ನಿಂದಲೋ? ಅದಕ್ಕೇ ಮುಗಿಯುವ ತಾರೀಕನ್ನೇ ಪೆನ್ನಿನಲ್ಲಿ ಬರೆದುಕೊಡಲು ಒಂದು ಖಾಲಿ ಗೆರೆ ಬಿಡಲಾಯಿತು.

ಯಜಮಾನರಿಗೆ ಇನ್ನೊಂದು ಕಟ್ಟು ಬೇಕಿತ್ತು. ಭಾನುವಾರ ಬೆಂಚು ತುಂಬಿರುತ್ತದೆ. ಉಚಿತ ಕಟಿಂಗ್‌ಗೆ ಕುರ್ಚಿ ಕೊಟ್ಟರೆ ದುಡ್ಡು ಕೊಡುವವನು ಎದ್ದು ಹೋಗುತ್ತಾನೆ. ನ್ಯಾಯವಾದ ಮಾತು. ಆದರೆ ಅದು ಹಿಂಭಾಗದಲ್ಲಿ ಅಡಗುವಂತಿಲ್ಲ. ಜಾಹೀರಾತುಗಳ ಕುರಿತು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಶ್ವಾಸನೆ ಯಾವ ಭಾಷೆಯಲ್ಲಿ, ಯಾವ ಅಕ್ಷರದಲ್ಲಿ ಇದೆಯೋ ಅದಕ್ಕೆ ಸಂಬಂಧಿಸಿದ ಷರತ್ತೂ ಅದೇ ಭಾಷೆ, ಅದೇ ಅಕ್ಷರದಲ್ಲಿ ಎದ್ದು ಕಾಣುವಂತೆ ಇರಬೇಕು. ಆಶ್ವಾಸನೆಯನ್ನೇ ಷರತ್ತು ಸುಳ್ಳು ಮಾಡಬಾರದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಟಿ.ವಿ., ಪತ್ರಿಕೆ ಮಾತ್ರವಲ್ಲ. ನೋಟಿಸು, ಲೇಬಲ್, ಬಿಲ್‌ನಂಥ ಕಾಗದಗಳೂ ಸೇರುತ್ತವೆ. ಎದುರಿಗೆ ಕನ್ನಡದ ಆಸೆ, ಹಿಂದೆ ಇಂಗ್ಲಿಷಿನ ಷರತ್ತು ಎಂಬ ಮಾದರಿ ಅಲ್ಲೇ ಬಿದ್ದುಹೋಯಿತು.

ಕೊನೆಗೆ ಕಾರ್ಡಿನ ಒಂದೇ ಬದಿಗೆ, ಒಂದೇ ಗಾತ್ರದಲ್ಲಿ ಇಳಿದದ್ದು ಇಷ್ಟು:

ಒಂದು ಕಟಿಂಗ್‌ಗೆ ಒಂದು ಸೀಲ್. ಶೇವಿಂಗ್, ಡೈಗೆ ಸೀಲ್ ಇಲ್ಲ.
5 ಸೀಲ್ ಆದ ಮೇಲೆ 6ನೇ ಕಟಿಂಗ್ ಉಚಿತ.
ಉಚಿತ ಕಟಿಂಗ್ ಭಾನುವಾರ ಇಲ್ಲ, ಮಂಗಳವಾರ ಅಂಗಡಿ ರಜೆ.
ಈ ಕಾರ್ಡ್ ನಡೆಯುವುದು ________ ತಾರೀಕಿನವರೆಗೆ.
ಮನೆಯವರು ಯಾರು ಬೇಕಾದರೂ ಬಳಸಬಹುದು.

ಐದನೆಯ ಸಾಲು ಯಜಮಾನರದ್ದೇ. ಅಪ್ಪನ ಕಾರ್ಡ್ ತರುವ ಮಗನನ್ನು ವಾಪಸ್ ಕಳಿಸಲು ಅವರಿಗೆ ಮನಸ್ಸಿಲ್ಲ.

ಹಿಂಬದಿ ಐದು ಮನೆಗಳಿಗೆ ಮೀಸಲು. ಅಲ್ಲಿಗೆ ನುಣುಪು ಲ್ಯಾಮಿನೇಶನ್ ಬೇಡ ಎಂದು ಪ್ರೆಸ್‌ಗೆ ಹೇಳಬೇಕಾಯಿತು. ಅದರ ಮೇಲೆ ಸೀಲ್‌ನ ಶಾಯಿ ಹಿಡಿಯದೆ ಬೆರಳು ತಾಗಿದರೆ ಹರಡುತ್ತದೆ. ಸೀಲ್ ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ್ದರಿಂದ ಪ್ರತಿ ಮನೆಯಲ್ಲೂ ತಾರೀಕು ಬರೆದು ಸಣ್ಣ ಸಹಿ ಹಾಕುವುದು ಕ್ರಮವಾಯಿತು.

ನಿಮ್ಮ ಪರ್ಸಿನಲ್ಲೂ ಇಂಥದ್ದೊಂದು ಕಾರ್ಡ್ ಇದ್ದರೆ ತೆಗೆದು ನೋಡಿ. ಮುಗಿಯುವ ತಾರೀಕು ಇಲ್ಲದಿದ್ದರೆ ಮುಂದಿನ ಸೀಲ್ ಹಾಕಿಸುವ ಮುನ್ನ ಅಂಗಡಿಯವರ ಕೈಯಲ್ಲೇ ಬರೆಸಿಕೊಳ್ಳಿ. ಕಾರ್ಡಿನಲ್ಲಿ ಇಲ್ಲದ ಷರತ್ತು ಹೇಳಿ ಉಚಿತ ಸೇವೆ ನಿರಾಕರಿಸಿದರೆ, ಮಾತಿನಲ್ಲಿ ಬಗೆಹರಿಯದಿದ್ದಾಗ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.