ಪ್ರಶ್ನೆ ಒಂದು ಹೇಳುತ್ತದೆ, ಚಿತ್ರ ಇನ್ನೊಂದು: ಮೇಡಂಗೆ ಹೇಗೆ ತಿಳಿಸಲಿ?

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಮೊನ್ನೆ ಗಣಿತದ ಕಿರು ಪರೀಕ್ಷೆಯಲ್ಲಿ ಮೂರು ಅಂಕದ ಒಂದು ಪ್ರಶ್ನೆ ಹೀಗಿತ್ತು: “ABC ತ್ರಿಭುಜದಲ್ಲಿ ∠B = 90°, AC = 10 ಸೆಂ.ಮೀ., BD ⊥ AC. ಚಿತ್ರ ನೋಡಿ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯಿರಿ.” ಚಿತ್ರದಲ್ಲಿ BD ಗೆರೆಯ ಪಕ್ಕ 6 ಸೆಂ.ಮೀ. ಎಂದಿತ್ತು. ಗೆಳತಿಯರೆಲ್ಲ 30 ಚ.ಸೆಂ.ಮೀ. ಎಂದು ಬರೆದು ಪೂರ್ತಿ ಅಂಕ ಪಡೆದರು. ನಾನು AD = x ಎಂದಿಟ್ಟುಕೊಂಡು, ಸಮರೂಪ ತ್ರಿಭುಜಗಳಿಂದ x² − 10x + 36 = 0 ತನಕ ಬಂದೆ. ಶೋಧಕ −44 ಬಂತು. ಗಾಬರಿಯಾಗಿ ಅಲ್ಲಿಗೇ ಬಿಟ್ಟೆ, ಸೊನ್ನೆ ಸಿಕ್ಕಿತು. ಮನೆಯಲ್ಲಿ ಮತ್ತೆ ಮಾಡಿದರೂ ಅದೇ ಬರುತ್ತಿದೆ. ಪ್ರಶ್ನೆಯಲ್ಲೇ ಏನೋ ತಪ್ಪಿದೆ ಅನ್ನಿಸುತ್ತದೆ. ಹೇಳಿದರೆ ಮೇಡಂ ನಾನು ಅಂಕಕ್ಕಾಗಿ ವಾದ ಮಾಡುತ್ತಿದ್ದೇನೆ ಅಂದುಕೊಳ್ಳಬಹುದು. ಅಪ್ಪ “ಸುಮ್ಮನಿರು” ಅನ್ನುತ್ತಾರೆ. ಚೀಟಿ ಬರೆದು ಕೊಡಲೇ? ಏನೆಂದು ಬರೆಯಲಿ?
(ಹಾಸನ ಜಿಲ್ಲೆಯ ವಿದ್ಯಾರ್ಥಿನಿ)

ಉತ್ತರ: ನಿನ್ನ ಲೆಕ್ಕ ಸರಿ ಇದೆ. ಆ ಪ್ರಶ್ನೆ ಹೇಳುವಂಥ ತ್ರಿಭುಜವನ್ನು ಯಾರೂ ಬರೆಯಲಾರರು. ಚೀಟಿ ಬರೆದು ಕೊಡು. ಆದರೆ ಅದಕ್ಕೆ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು.

ಚಿತ್ರ ನೋಡಲು ಸರಿ ಕಾಣುವುದಿಲ್ಲ ಎನ್ನುವುದು ಬೇರೆ, ಚಿತ್ರದಲ್ಲಿ ಕೊಟ್ಟ ಅಳತೆ ಪ್ರಶ್ನೆಯ ಮಾತಿಗೆ ವಿರುದ್ಧವಾಗಿದೆ ಎನ್ನುವುದು ಬೇರೆ. ಪ್ರಶ್ನೆಪತ್ರಿಕೆಯ ಆಕೃತಿಗಳನ್ನು ಅಳತೆಗೆ ಸರಿಯಾಗಿ ಬರೆದಿರುವುದಿಲ್ಲ. 90° ಕೋನ 80° ಇದ್ದಂತೆ ಕಂಡರೆ, 6 ಸೆಂ.ಮೀ. ಗೆರೆ 10 ಸೆಂ.ಮೀ. ಗೆರೆಗಿಂತ ಉದ್ದವಾಗಿ ಕಂಡರೆ ಅದು ದೂರಬೇಕಾದ ತಪ್ಪಲ್ಲ. ಹಾಗಾಗಿ ಅಚ್ಚಾದ ಚಿತ್ರವನ್ನು ಪಕ್ಕಕ್ಕಿಟ್ಟು, ಅದರಲ್ಲಿ ಬರೆದಿರುವ ಅಂಕಿ ಮತ್ತು ಗುರುತುಗಳನ್ನು ಮಾತ್ರ ಪ್ರಶ್ನೆಯ ವಾಕ್ಯದ ಜೊತೆ ಸೇರಿಸಿ ಬರೆದುಕೋ: ∠B = 90°, AC = 10, BD ⊥ AC, BD = 6. ಈ ನಾಲ್ಕೂ ಒಟ್ಟಿಗೆ ನಿಲ್ಲಲಾರವು ಎಂದಾದರೆ ಮಾತ್ರ ವಿರೋಧವಿದೆ ಎಂದು ಅರ್ಥ. ಗೆಳತಿಯ ಪತ್ರಿಕೆಯಲ್ಲೂ ಆ 6 ಅದೇ ಗೆರೆಯ ಪಕ್ಕ ಇದೆಯೇ ಎಂದು ಒಮ್ಮೆ ನೋಡಿಕೋ. ಚಿತ್ರ ಕಪ್ಪುಹಲಗೆಯಿಂದ ಇಳಿಸಿಕೊಂಡದ್ದಾದರೆ ತಪ್ಪು ನಿನ್ನ ಕೈಯದೂ ಆಗಿರಬಹುದು.

ನಾಲ್ಕೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಕಣ್ಣಿಗೇ ಕಾಣುವ ಹಾಗೆ ತೋರಿಸಬಹುದು. 10 ಸೆಂ.ಮೀ. ಉದ್ದದ AC ಗೆರೆ ಎಳೆದು, ಅದೇ ವ್ಯಾಸವಾಗುವಂತೆ ಕೈವಾರದಿಂದ ಅರ್ಧವೃತ್ತ ಬರೆ. B ಯಲ್ಲಿ ಲಂಬಕೋನ ಇರಬೇಕಾದರೆ B ಆ ವೃತ್ತದ ಮೇಲೆಯೇ ಇರಬೇಕು. ಅರ್ಧವೃತ್ತದ ತೀರಾ ಎತ್ತರದ ಜಾಗವೂ AC ಯಿಂದ 5 ಸೆಂ.ಮೀ. ದೂರದಲ್ಲಿದೆ, ಏಕೆಂದರೆ ಅದು ತ್ರಿಜ್ಯ. ಆದ್ದರಿಂದ BD ಎಷ್ಟೇ ಆದರೂ 5 ದಾಟದು. 6 ಸೆಂ.ಮೀ. ಎತ್ತರಕ್ಕೆ ಹೋದರೆ B ವೃತ್ತದ ಹೊರಗೆ ಬೀಳುತ್ತದೆ, ಅಲ್ಲಿ ಕೋನ 90° ಗಿಂತ ಕಡಿಮೆ. ನಿನ್ನ −44 ಹೇಳಿದ್ದೂ ಇದನ್ನೇ.

ಗೆಳತಿಯರಿಗೆ 30 ಹೇಗೆ ಬಂತು? ½ × 10 × 6 ಮಾಡಿದರು. ಆ ಸೂತ್ರಕ್ಕೆ ಪಾದ ಮತ್ತು ಎತ್ತರ ಸಾಕು, ಲಂಬಕೋನದ ಮಾತೇ ಬೇಕಿಲ್ಲ. ಹಾಗಾಗಿ ವಿರೋಧ ಅವರ ದಾರಿಗೆ ಅಡ್ಡ ಬರಲಿಲ್ಲ. ನೀನು ಲಂಬಕೋನವನ್ನು ಬಳಸಿದೆ, ಅದಕ್ಕೇ ಎಡವಿದೆ. ಅವರು ಕೊಟ್ಟ ದತ್ತಾಂಶವನ್ನು ನಂಬಿ ಬರೆದರು; ಅವರ ಉತ್ತರದ ಬಗ್ಗೆ ಚೀಟಿಯಲ್ಲಿ ಒಂದು ಮಾತೂ ಬೇಡ.

ಈಗ ಚೀಟಿಗೆ ಬರೋಣ. ಅದು ಸ್ಟಾಫ್ ರೂಮಿನಲ್ಲಿ ನಿಂತಲ್ಲೇ ಓದಿ ಮುಗಿಸುವಷ್ಟು ಚಿಕ್ಕದಿರಲಿ. ನಿನ್ನ ವರ್ಗ ಸಮೀಕರಣ ಸರಿಯೇ, ಆದರೆ ಅದಕ್ಕೆ ಮೊದಲು ಸಮರೂಪತೆಯನ್ನು ತೋರಿಸಬೇಕು, ಉದ್ದವಾಗುತ್ತದೆ. ಇನ್ನೊಂದು ಚಿಕ್ಕ ದಾರಿ ಇದೆ. ವಿಸ್ತೀರ್ಣ 30 ಎಂದೇ ಒಪ್ಪಿಕೊಂಡು ಬಾಹುಗಳನ್ನು ಹುಡುಕಲು ಹೊರಡು. ಹೀಗೆ ಬರೆಯಬಹುದು:

“ಮೇಡಂ, ನಮಸ್ಕಾರ. ಕಿರು ಪರೀಕ್ಷೆಯ ತ್ರಿಭುಜದ ವಿಸ್ತೀರ್ಣದ ಪ್ರಶ್ನೆಯಲ್ಲಿ ನನಗೊಂದು ಸಂದೇಹವಿದೆ. ಪ್ರಶ್ನೆಯಲ್ಲಿ ∠B = 90°, AC = 10 ಸೆಂ.ಮೀ. ಎಂದಿದೆ. ಚಿತ್ರದಲ್ಲಿ BD = 6 ಸೆಂ.ಮೀ. ಎಂದಿದೆ. ½ × 10 × 6 ರಿಂದ ವಿಸ್ತೀರ್ಣ 30. ಲಂಬಕೋನ ಇರುವುದರಿಂದ ½ × AB × BC ಕೂಡ 30 ಆಗಬೇಕು, ಅಂದರೆ AB × BC = 60. ಪೈಥಾಗೊರಸ್ ಪ್ರಮೇಯದಿಂದ AB² + BC² = 100. ಆಗ (AB − BC)² = 100 − 120 = −20 ಬರುತ್ತದೆ. ವರ್ಗ ಋಣಸಂಖ್ಯೆ ಆಗುವುದಿಲ್ಲವಲ್ಲ ಮೇಡಂ. ನಾನು ಎಲ್ಲಿಯಾದರೂ ತಪ್ಪಿದ್ದೇನೆಯೇ, ಅಥವಾ ಚಿತ್ರದ 6 ಸೆಂ.ಮೀ. AB ಬಾಹುವಿನ ಅಳತೆಯೇ? ಸಮಯವಾದಾಗ ದಯವಿಟ್ಟು ನೋಡಿ ತಿಳಿಸಿ.”

ಕೆಳಗೆ ನಿನ್ನ ಹೆಸರು, ತರಗತಿ, ವಿಭಾಗ ಬರೆ. ಪ್ರಶ್ನೆಪತ್ರಿಕೆಯನ್ನೂ ಅರ್ಧವೃತ್ತದ ಚಿತ್ರವನ್ನೂ ಜೊತೆಗಿಡು.

6 ಅನ್ನು AB ಯ ಅಳತೆಯೇ ಎಂದು ಏಕೆ ಕೇಳಬೇಕು ಅಂದರೆ, 6 ಮತ್ತು 10 ಕಂಡ ಗಣಿತದ ಮೇಷ್ಟ್ರಿಗೆ ತಕ್ಷಣ 6, 8, 10 ನೆನಪಾಗುತ್ತದೆ. AB = 6 ಆದರೆ BC = 8, ವಿಸ್ತೀರ್ಣ 24, BD = 4.8. ಎಲ್ಲವೂ ಕೂಡಿಬರುತ್ತದೆ. ಅಂಕಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ಜಾರಿರಬಹುದು. ಆದರೂ ಇದು ಊಹೆಯೇ. ಪ್ರಶ್ನೆಯಲ್ಲಿ 90° ಬರೆದದ್ದೇ ತಪ್ಪಾಗಿರಲೂಬಹುದು. ಅದನ್ನು ತೆಗೆದರೆ BD = 6 ಉಳಿಯುತ್ತದೆ, ಉತ್ತರ 30 ಕೂಡ ಸರಿಯಾಗುತ್ತದೆ. ವಿರೋಧವಿದೆ ಎಂದು ನೀನು ಸಾಧಿಸಬಲ್ಲೆ. ಎರಡರಲ್ಲಿ ಯಾವುದು ತಪ್ಪು ಎಂದು ಸಾಧಿಸಲಾರೆ. ಅದನ್ನು ಪ್ರಶ್ನೆ ಮಾಡಿದವರೇ ಹೇಳಬೇಕು. “24 ಸರಿ, 30 ತಪ್ಪು” ಎಂದು ಬರೆದುಬಿಟ್ಟರೆ ನಿನ್ನ ಗಟ್ಟಿ ವಾದದೊಳಗೆ ಒಂದು ಸಡಿಲ ಮಾತು ಸೇರಿಕೊಳ್ಳುತ್ತದೆ, ಚರ್ಚೆ ಅದರ ಸುತ್ತಲೇ ತಿರುಗುತ್ತದೆ.

ಅಂಕದ ಮಾತನ್ನು ಈ ಚೀಟಿಯಲ್ಲಿ ಎತ್ತಬೇಡ. ಮೇಡಂ ವಿರೋಧವನ್ನು ಒಪ್ಪಿದ ಮೇಲೆ, “ನಾನು ಶೋಧಕದ ತನಕ ಮಾಡಿದ್ದೆ, ಅದನ್ನು ಪರಿಗಣಿಸಬಹುದೇ ಮೇಡಂ” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಚೀಟಿಯನ್ನು ತರಗತಿಯ ಎದುರು ಕೊಡದೆ, ಬಿಡುವಿನ ವೇಳೆಯಲ್ಲಿ ಅವರ ಕೈಗೇ ಕೊಡು. ಅವರಿಗೆ ತಿಳಿಸುವ ಮೊದಲು ಮುಖ್ಯೋಪಾಧ್ಯಾಯರ ಬಳಿ ಹೋಗಬೇಡ. ಒಂದು ವೇಳೆ ಮೇಡಂ “ಸೂತ್ರ ಹಾಕಿದರೆ 30 ಬರುತ್ತದಲ್ಲ” ಅಂದರೆ, “AB ಎಷ್ಟು ಅಂತ ಕಂಡುಹಿಡಿಯೋಕೆ ಸಹಾಯ ಮಾಡ್ತೀರಾ ಮೇಡಂ” ಅಂತ ಕೇಳು. ಇಬ್ಬರೂ ಕೂತು ಬಿಡಿಸಿದರೆ ಅದೇ −20 ಎದುರಾಗುತ್ತದೆ.

ಅಪ್ಪನಿಗೆ ಒಂದು ಮಾತು ಹೇಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯೇ ಕೀ ಉತ್ತರ ಪ್ರಕಟಿಸಿ, ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂದು ಕರೆಯುತ್ತದೆ. ಆಧಾರ ಸಹಿತ ಕೇಳುವುದನ್ನು ಅಲ್ಲಿ ಯಾರೂ ಉದ್ಧಟತನ ಎನ್ನುವುದಿಲ್ಲ.

ಇನ್ನು ಮುಂದಿನ ಪರೀಕ್ಷೆಗೆ ಒಂದು ಮಾತು. ಹೀಗೆ ಮತ್ತೆ ಎದುರಾದರೆ ಮೊದಲು ಕೊಠಡಿ ಮೇಲ್ವಿಚಾರಕರಿಗೆ ತಿಳಿಸು. ಉತ್ತರ ಸಿಗದಿದ್ದರೆ ಹಾಳೆಯನ್ನು ಖಾಲಿ ಬಿಡಬೇಡ. “ಚಿತ್ರದ BD = 6 ಅನ್ನು ತೆಗೆದುಕೊಂಡರೆ ವಿಸ್ತೀರ್ಣ 30; ಆದರೆ ∠B = 90° ಆದರೆ BD 5 ಮೀರುವಂತಿಲ್ಲ” ಎಂದು ಎರಡು ಸಾಲು ಬರೆದಿಡು. ಮೌಲ್ಯಮಾಪನ ಮಾಡುವವರ ಕಣ್ಣಿಗೆ ನಿನ್ನ ಲೆಕ್ಕವೂ ಬೀಳುತ್ತದೆ, ಪ್ರಶ್ನೆಯ ದೋಷವೂ ಬೀಳುತ್ತದೆ.