ಚೌಕಟ್ಟು ನಿಲ್ಲಿಸುವ ಮುನ್ನ

ಬಸವಕಲ್ಯಾಣ, ಹುಮನಾಬಾದ್ ಕಡೆ ಮನೆ ಕಟ್ಟಿಸುವವರೇ, ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ತಾನಾಗಿ ತಿರುಗಿದರೆ ಕೀಲಿನ ಬದಿಯ ಕಂಬ ಓರೆಯಾಗಿದೆ ಎಂದೇ ಅನುಮಾನಿಸಿ. ಆಮೇಲೆ ಹಲಗೆ ಹೆರೆದರೂ ಅದು ಸರಿಹೋಗದು. ಆದ್ದರಿಂದ ಚೌಕಟ್ಟು ನಿಲ್ಲಿಸುವಾಗಲೇ ತೂಗುಗುಂಡನ್ನು ಮುಂಬದಿಗೂ ಪಕ್ಕಕ್ಕೂ ಹಿಡಿಸಿ. ಮೂಲೆಯಿಂದ ಮೂಲೆಗೆ ಎರಡೂ ಅಳತೆ ಸಮವಿರಲಿ. ಏಳಡಿ ಕಂಬಕ್ಕೆ ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಹೋಲ್ಡ್‌ಫಾಸ್ಟ್ ಬೇಕು. ಕೆಂಪುಕಲ್ಲಿನ ಸಂದಿಗೆ ಬರೀ ಗಾರೆ ಮೆತ್ತಿದರೆ ಸಾಲದು, ಸುತ್ತ ಕಾಂಕ್ರೀಟ್ ತುಂಬಿಸಿ. ಅದು ಗಟ್ಟಿಯಾಗುವವರೆಗೆ ಆನಿಸಿದ ಮರ ತೆಗೆಯಬೇಡಿ. ಗೌಂಡಿಗಳ ಅವಸರ ಇಲ್ಲಿಯೇ ಜಾಸ್ತಿ.

ಕೀಲುಗಳೂ ಮೂರಿರಲಿ: ಮೇಲಿನದು ತುದಿಯಿಂದ ಸುಮಾರು 8 ಇಂಚು, ಕೆಳಗಿನದು 10 ಇಂಚು ದೂರ, ಇನ್ನೊಂದು ನಡುವೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಪಕ್ಕಕ್ಕೂ ಮೇಲಕ್ಕೂ 3 ಮಿ.ಮೀ. ಸಂದು ಬಿಡಿಸಿ. ಕೆಳಗಿನ ಸಂದನ್ನು ಮಾತ್ರ ನೆಲದ ಫರಸಿ ಹಾಸಿದ ಮೇಲೆಯೇ ಅಳೆಯಿಸಿ.