ಪ್ಲಗ್ ಇನ್ ಆಗಿದೆ, ಆದ್ರೆ ಚಾರ್ಜ್ ಆಗ್ತಿಲ್ಲ: ತಪ್ಪು ಯಾರದ್ದು?

ಇಂಟರ್ನಲ್ಸ್‌ಗೆ ನಾಲ್ಕು ದಿನ ಬಾಕಿ ಇತ್ತು. ಲ್ಯಾಬ್ ರೆಕಾರ್ಡ್, ಮಿನಿ ಪ್ರಾಜೆಕ್ಟ್ ಕೋಡ್ ಎಲ್ಲಾ ಇದ್ದಿದ್ದು ನಮ್ಮ ರೂಮ್‌ಮೇಟ್ ಲ್ಯಾಪ್‌ಟಾಪಲ್ಲಿ. ಆವತ್ತು ರಾತ್ರಿ ಅದರ ಬ್ಯಾಟರಿ 38% ಗೆ ಬಂದು ನಿಂತುಬಿಡ್ತು. ಐಕಾನ್ ಮೇಲೆ ಮೌಸ್ ಇಟ್ಟರೆ `plugged in, not charging` ಅಂತ ತೋರಿಸ್ತಿತ್ತು. ಮರುದಿನ ಅಂಗಡಿಗೆ ಹೋದ್ವಿ. ಅವರು ತೆರೆದೂ ನೋಡದೆ "ಬ್ಯಾಟರಿ ಹೋಗಿದೆ, ಚೇಂಜ್ ಮಾಡ್ಬೇಕು, ನಾಲ್ಕು ಸಾವಿರ ಆಗುತ್ತೆ" ಅಂದ್ರು. ಅಷ್ಟು ದುಡ್ಡು ನಮ್ಮ ಹತ್ರ ಇರ್ಲಿಲ್ಲ. ಹಾಗಾಗಿ ವಾಪಸ್ ಬಂದು ನಾವೇ ಚೆಕ್ ಮಾಡೋಕೆ ಕೂತ್ವಿ. ಕೊನೆಗೆ ಬ್ಯಾಟರಿಗೆ ಏನೂ ಆಗಿರ್ಲಿಲ್ಲ. ಅದನ್ನ ಹೇಗೆ ಕಂಡುಹಿಡಿದ್ವಿ ಅನ್ನೋದೇ ಈ ಲೇಖನ.

ಮೆಸೇಜ್ ಏನು ಹೇಳ್ತಿದೆ?

ಆ ಮೆಸೇಜಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. "ಪ್ಲಗ್ ಇನ್" ಅಂದ್ರೆ ಅಡಾಪ್ಟರಿಂದ ವೋಲ್ಟೇಜ್ ಮದರ್‌ಬೋರ್ಡಿಗೆ ಬಂದಿದೆ ಅಂತ. "ಚಾರ್ಜ್ ಆಗ್ತಿಲ್ಲ" ಅಂದ್ರೆ, ಬಂದ ಪವರನ್ನ ಬ್ಯಾಟರಿಗೆ ಕೊಡೋದು ಬೇಡ ಅಂತ ಬೋರ್ಡ್ ಮೇಲಿರೋ ಕಂಟ್ರೋಲರ್ ತೀರ್ಮಾನ ಮಾಡಿದೆ ಅಂತ. ಅಂದ್ರೆ ವೈರ್ ಪೂರ್ತಿ ಕಟ್ ಆಗಿದ್ರೆ ಅಥವಾ ಸಾಕೆಟಲ್ಲಿ ಕರೆಂಟೇ ಇಲ್ದಿದ್ರೆ ಈ ಮೆಸೇಜ್ ಬರೋದೇ ಇಲ್ಲ. ಆದ್ದರಿಂದ ನಾವು ಹುಡುಕಬೇಕಾದ್ದು "ಪವರ್ ಯಾಕೆ ಬರ್ತಿಲ್ಲ" ಅಂತ ಅಲ್ಲ, "ಕಂಟ್ರೋಲರ್ ಯಾಕೆ ಬೇಡ ಅಂತಿದೆ" ಅಂತ.

ಮೊದಲು ಬ್ಯಾಟರಿ

ಖರ್ಚಿಲ್ಲದ ಚೆಕ್ ಮೊದಲು. ಬ್ಯಾಟರಿ ಬಾಳಿಕೆ ಹೆಚ್ಚಿಸೋಕೆ 60% ಅಥವಾ 80% ಗೆ ಚಾರ್ಜಿಂಗ್ ನಿಲ್ಲಿಸೋ ಸೆಟ್ಟಿಂಗ್ ಹಲವು ಲ್ಯಾಪ್‌ಟಾಪಲ್ಲಿ ಇರುತ್ತೆ. ನಿಮ್ಮದು ಸರಿಯಾಗಿ ಆ ಸಂಖ್ಯೆಗೇ ನಿಂತಿದ್ರೆ ಕಂಪನಿಯ ಆ್ಯಪಲ್ಲೋ ಬಯೋಸಲ್ಲೋ ಅದನ್ನ ನೋಡಿ. ಅದು ರಿಪೇರಿ ಅಲ್ಲ, ಬರೀ ಸೆಟ್ಟಿಂಗ್. ನಮ್ಮದು 38% ಲ್ಲಿ ನಿಂತಿದ್ರಿಂದ ಇದು ಕಾರಣ ಅಲ್ಲ ಅಂತಾಯ್ತು.

ಆಮೇಲೆ ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನ ಟೈಪ್ ಮಾಡಿದ್ವಿ:

```
powercfg /batteryreport
```

ಇದು ಒಂದು ಎಚ್‌ಟಿಎಂಎಲ್ ಫೈಲ್ ಸೇವ್ ಮಾಡಿ, ಅದು ಎಲ್ಲಿದೆ ಅಂತ ಅಲ್ಲೇ ತೋರಿಸುತ್ತೆ. ಬ್ರೌಸರಲ್ಲಿ ತೆರೆದು ಎರಡು ಸಾಲು ನೋಡಿದ್ರೆ ಸಾಕು. ನಮ್ಮದರಲ್ಲಿ `DESIGN CAPACITY` 42,000 mWh, `FULL CHARGE CAPACITY` 35,700 mWh ಇತ್ತು. ಭಾಗಿಸಿದ್ರೆ 85%. ಒಂದೂವರೆ ವರ್ಷ ಬಳಸಿದ ಬ್ಯಾಟರಿಗೆ ಇದು ಸಹಜ. ಎರಡನೇ ಸಂಖ್ಯೆ ಅರ್ಧಕ್ಕಿಂತ ಕೆಳಗಿದ್ರೆ, ಅಥವಾ ರಿಪೋರ್ಟಲ್ಲಿ ಬ್ಯಾಟರಿಯೇ ಕಾಣಿಸದಿದ್ರೆ ಆಗ ಬ್ಯಾಟರಿ ಮೇಲೆ ಅನುಮಾನ ಪಡಬೇಕು.

ಇನ್ನೊಂದು ಮಾತು. ಟಚ್‌ಪ್ಯಾಡ್ ಮೇಲೆದ್ದಿದ್ರೆ ಅಥವಾ ಕೆಳಗಿನ ಕವರ್ ಉಬ್ಬಿದ್ರೆ ಬ್ಯಾಟರಿ ಊದಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಹಾಕ್ಬೇಡಿ, ಒತ್ತಬೇಡಿ, ನೇರ ಸರ್ವಿಸ್ ಸೆಂಟರಿಗೆ ಕೊಡಿ.

ಅಡಾಪ್ಟರ್: ಮಲ್ಟಿಮೀಟರ್ ಹೇಳದ ವಿಷಯ

ಅಡಾಪ್ಟರ್ ಲೇಬಲ್ ಮೇಲೆ ಔಟ್‌ಪುಟ್ 19.5 ವೋಲ್ಟ್, 3.34 ಆ್ಯಂಪ್ ಅಂತಿತ್ತು. ಗುಣಿಸಿದ್ರೆ ಸುಮಾರು 65 ವ್ಯಾಟ್. ಲ್ಯಾಬಿಂದ ಮಲ್ಟಿಮೀಟರ್ ತಂದು ಡಿಸಿ 200 ವೋಲ್ಟ್ ರೇಂಜಿಗೆ ಇಟ್ಟು, ಕೆಂಪು ಪ್ರೋಬನ್ನ ಪ್ಲಗ್ಗಿನ ಕೊಳವೆಯ ಒಳಮೈಗೆ, ಕಪ್ಪನ್ನ ಹೊರಮೈಗೆ ಮುಟ್ಟಿಸಿದ್ವಿ. 19.5 ಬಂತು. "ಅಡಾಪ್ಟರ್ ಓಕೆ, ಅಂಗಡಿಯವರು ಹೇಳಿದ್ದೇ ನಿಜ" ಅಂತ ಬೇಜಾರಾಯ್ತು.

ಅಷ್ಟರಲ್ಲಿ ಇಸಿಇ ಸೀನಿಯರ್ ಒಬ್ರು ಬಂದು ಕೇಳಿದ್ರು, "ಪ್ಲಗ್ ಮಧ್ಯದಲ್ಲಿ ಸೂಜಿ ತರ ಒಂದು ಪಿನ್ ಇದೆಯಲ್ಲ, ಅದು ಯಾಕೆ ಅಂತ ಗೊತ್ತೇನ್ರೋ?" ನಾವು ಅದೇ ಪಾಸಿಟಿವ್ ಅಂದ್ಕೊಂಡಿದ್ವಿ. ಅಲ್ಲ. ಈ ತರದ ಪ್ಲಗ್ಗಲ್ಲಿ ಪವರ್ ಹೋಗೋದು ಕೊಳವೆಯ ಒಳಮೈ, ಹೊರಮೈ ಮೂಲಕ. ಮಧ್ಯದ ಪಿನ್ ಅಡಾಪ್ಟರಿನ ಗುರುತು ಹೇಳೋ ಲೈನ್. "ನಾನು 65 ವ್ಯಾಟಿನವನು" ಅಂತ ಲ್ಯಾಪ್‌ಟಾಪಿಗೆ ತಿಳಿಸೋದೇ ಅದರ ಕೆಲಸ.

ಆ ಗುರುತು ಸಿಗದಿದ್ರೆ ಕಂಟ್ರೋಲರಿಗೆ ಅಡಾಪ್ಟರ್ ಎಷ್ಟು ಹೊರಬಲ್ಲದು ಅಂತ ಗೊತ್ತಾಗಲ್ಲ. ಲ್ಯಾಪ್‌ಟಾಪ್ ನಡೆಸೋದು ಮತ್ತು ಬ್ಯಾಟರಿ ತುಂಬಿಸೋದು ಎರಡೂ ಒಟ್ಟಿಗೆ ಮಾಡಿದ್ರೆ ಸಣ್ಣ ಅಡಾಪ್ಟರ್ ಮೇಲೆ ಭಾರ ಜಾಸ್ತಿ ಬಿದ್ದು ಬಿಸಿಯಾಗಬಹುದು. ಅದಕ್ಕೇ ಅದು ಚಾರ್ಜಿಂಗ್ ನಿಲ್ಲಿಸುತ್ತೆ, ಎಷ್ಟೋ ಮಾಡೆಲಲ್ಲಿ ಪ್ರೊಸೆಸರ್ ವೇಗವನ್ನೂ ಇಳಿಸುತ್ತೆ. ಆಗ ನಮಗೆ ನೆನಪಾಯ್ತು: ಎರಡು ದಿನದಿಂದ ಲ್ಯಾಪ್‌ಟಾಪ್ ಆಮೆ ತರ ಆಗಿತ್ತು. ನಾವು ವೈರಸ್ ಅಂದ್ಕೊಂಡು ಸ್ಕ್ಯಾನ್ ಮಾಡ್ತಾ ಕೂತಿದ್ವಿ!

ಬಯೋಸಿಗೆ ಹೋಗಿ ಅಡಾಪ್ಟರ್ ಮಾಹಿತಿ ನೋಡಿದ್ರೆ, 65 ವ್ಯಾಟ್ ಅಂತ ಇರ್ಬೇಕಾದ ಜಾಗದಲ್ಲಿ `Unknown` ಅಂತಿತ್ತು. ಅಲ್ಲಿಗೆ ಬ್ಯಾಟರಿ ಮೇಲಿನ ಅನುಮಾನ ಹೋಯ್ತು. ಉಳಿದಿದ್ದು ಎರಡೇ: ಅಡಾಪ್ಟರಲ್ಲಿ ಆ ಲೈನ್ ಕಟ್ ಆಗಿರ್ಬೇಕು, ಇಲ್ಲಾ ಲ್ಯಾಪ್‌ಟಾಪ್ ಪೋರ್ಟಲ್ಲಿ.

ಪೋರ್ಟಾ, ಅಡಾಪ್ಟರಾ?

ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ, ಅಡಾಪ್ಟರ್ ತೆಗೆದು, ಮೊಬೈಲ್ ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿದ್ವಿ. ಸ್ವಲ್ಪ ಧೂಳು, ಬ್ಯಾಗಿನ ನೂಲು ಇತ್ತು. ಮರದ ಟೂತ್‌ಪಿಕ್ಕಲ್ಲಿ ನಿಧಾನಕ್ಕೆ ತೆಗೆದ್ವಿ. ಪಿನ್, ಸೂಜಿ ಹಾಕೋದು ಬೇಡ, ಒಳಗಿನ ಕಾಂಟ್ಯಾಕ್ಟ್ ಬಾಗುತ್ತೆ. ಪ್ಲಗ್ ಲೊಡಲೊಡ ಅಂತ ಅಲ್ಲಾಡ್ತಿರ್ಲಿಲ್ಲ, ಸುಟ್ಟ ಕಲೆ ಇರ್ಲಿಲ್ಲ. ಇವೆರಡರಲ್ಲಿ ಒಂದಿದ್ರೂ ಪೋರ್ಟ್ ಬದಲಿಸ್ಬೇಕಾಗುತ್ತೆ.

ಆಮೇಲೆ ಮುಖ್ಯವಾದ ಟೆಸ್ಟ್. ಪಕ್ಕದ ರೂಮಿನ ಗೆಳೆಯನ ಹತ್ರ ಅದೇ ಕಂಪನಿಯ, ಅದೇ ಪ್ಲಗ್ಗಿನ 65 ವ್ಯಾಟ್ ಅಡಾಪ್ಟರ್ ಇತ್ತು. ಅದನ್ನ ನಮ್ಮ ಲ್ಯಾಪ್‌ಟಾಪಿಗೆ ಹಾಕಿದ ತಕ್ಷಣ ಚಾರ್ಜ್ ಆಗೋಕೆ ಶುರು. ನಮ್ಮ ಅಡಾಪ್ಟರನ್ನ ಅವನ ಲ್ಯಾಪ್‌ಟಾಪಿಗೆ ಹಾಕಿದ್ರೆ ಅಲ್ಲೂ ಅದೇ ಹಳೇ ಮೆಸೇಜ್. ಎರಡೂ ಕಡೆ ಅದಲು ಬದಲು ಮಾಡಿದ್ರಿಂದ ಅನುಮಾನಕ್ಕೆ ಜಾಗವೇ ಉಳೀಲಿಲ್ಲ: ತಪ್ಪು ಅಡಾಪ್ಟರಿನದ್ದು.

ಗೆಳೆಯನ ಅಡಾಪ್ಟರಲ್ಲೂ ಚಾರ್ಜ್ ಆಗದಿದ್ರೆ ಮತ್ತೆ ಬಯೋಸ್ ನೋಡ್ಬೇಕು. ಆಗಲೂ `Unknown` ಬಂದ್ರೆ ಪೋರ್ಟ್ ಅಥವಾ ಬೋರ್ಡ್ ಕಡೆ ದೋಷ. 65 ವ್ಯಾಟ್ ಸರಿಯಾಗಿ ಬಂದೂ ಚಾರ್ಜ್ ಆಗದಿದ್ರೆ ಬ್ಯಾಟರಿ ಅಥವಾ ಚಾರ್ಜಿಂಗ್ ಸರ್ಕ್ಯೂಟ್ ಕಡೆ ನೋಡ್ಬೇಕು.

ವೈರ್ ಹೇಗೆ ಹೋಯ್ತು?

ಪ್ಲಗ್ ಹತ್ರ ವೈರನ್ನ ಮೆಲ್ಲಗೆ ಬಾಗಿಸಿದಾಗ ಒಂದು ಕೋನದಲ್ಲಿ ಚಾರ್ಜಿಂಗ್ ಬಂದು ಹೋಗ್ತಿತ್ತು. ಗುರುತಿನ ವೈರ್ ಪವರ್ ವೈರಿಗಿಂತ ತೆಳು, ಅದಕ್ಕೇ ಅದು ಮೊದಲು ಕಟ್ ಆಗುತ್ತೆ. ಮಂಚದ ಮೇಲೆ ಮಲ್ಕೊಂಡು, ಪ್ಲಗ್ಗನ್ನ ಹಾಸಿಗೆಗೆ ಒತ್ತಿ ಬಾಗಿಸಿಕೊಂಡು ಸಿನಿಮಾ ನೋಡಿದ್ದರ ಫಲ ಇದು. ಅಡಾಪ್ಟರ್ ಡಬ್ಬಿ ಬಿಚ್ಚೋ ಆಸೆ ಬಂತು, ಸೀನಿಯರ್ ಬೈದ್ರು. 230 ವೋಲ್ಟ್ ಎಸಿಯನ್ನ ಡಿಸಿ ಮಾಡಿದಾಗ ಒಳಗಿನ ಕೆಪ್ಯಾಸಿಟರಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರಬಹುದು.

ಅದೇ ವ್ಯಾಟಿನ ಹೊಸ ಅಡಾಪ್ಟರ್ 1,300 ರೂಪಾಯಿಗೆ ಸಿಕ್ತು. ಹಾಕಿದ ಮೇಲೆ ಬಯೋಸಲ್ಲಿ 65 ವ್ಯಾಟ್ ಬಂತು, ಲ್ಯಾಪ್‌ಟಾಪ್ ವೇಗವೂ ವಾಪಸ್ ಬಂತು, ರೆಕಾರ್ಡೂ ಸಬ್ಮಿಟ್ ಆಯ್ತು. ಒಂದು ಎಚ್ಚರ: ನಾವು ಹೇಳಿದ ಪಿನ್ ಕಥೆ ದುಂಡು ಪ್ಲಗ್ ಮಧ್ಯೆ ಪಿನ್ ಇರೋ ಅಡಾಪ್ಟರುಗಳದ್ದು. ಯುಎಸ್‌ಬಿ-ಸಿ ಚಾರ್ಜರಲ್ಲಿ ಮಾತುಕತೆ ಬೇರೆ ರೀತಿ ನಡೆಯುತ್ತೆ, ಅಲ್ಲಿ ಪ್ರೋಬ್ ಹಾಕಿ ಅಳೆಯೋಕೆ ಹೋಗ್ಬೇಡಿ. ಆದ್ರೆ ಗೆಳೆಯನ ಚಾರ್ಜರ್ ತಂದು ಅದಲು ಬದಲು ಮಾಡೋ ಟೆಸ್ಟ್ ಅಲ್ಲೂ ನಡೆಯುತ್ತೆ, ವ್ಯಾಟ್ ಒಂದೇ ಇರಬೇಕು ಅಷ್ಟೇ.